‘ಹದಿನೈದು ದಿನ’ ಅಂದ್ರೆ ಎಷ್ಟು ದಿನ?

ಒಂದು ಸಣ್ಣ ಲೆಕ್ಕ ಕೇಳ್ತೀನಿ. ಸೋಮವಾರ ಯಾರೋ ನಿಮಗೆ ‘ಹದಿನೈದು ದಿನ ಬಿಟ್ಟು ಬನ್ನಿ’ ಅಂದ್ರು. ಯಾವತ್ತು ಹೋಗ್ತೀರಿ? ನಮ್ಮ ಕಡೆ ಯಾರನ್ನ ಕೇಳಿದ್ರೂ ಒಂದು ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಅಂತಾರೆ. ಎಣಿಸಿ ನೋಡಿ, ಅದು ಹದಿನಾಲ್ಕು ದಿನ. ಒಂದು ವಾರಕ್ಕೆ ನಾವು ‘ಎಂಟು ದಿನ’ ಅಂತೀವಿ, ಎರಡು ವಾರಕ್ಕೆ ‘ಹದಿನೈದು ದಿನ’ ಅಂತೀವಿ. ಚೀಟಿ ದುಡ್ಡಿಗೆ, ಕೈಸಾಲಕ್ಕೆ, ಮದುವೆ ಓಡಾಟಕ್ಕೆ ಈ ಲೆಕ್ಕ ಚೆನ್ನಾಗೇ ನಡೆಯುತ್ತೆ. ಕೀಮೋ ಮಾತ್ರೆಗೆ ನಡೆಯಲ್ಲ.

ಹೋದ ಪೋಸ್ಟಲ್ಲಿ ಹೇಳಿದ್ದೆ, ನಮ್ಮ ದೊಡ್ಡಮ್ಮನಿಗೆ ದೊಡ್ಡ ಕರುಳಿನ ಆಪರೇಷನ್ ಆಯ್ತು, ಆಮೇಲೆ ಕೀಮೋ ಅಂತ. ಅವರಿಗೆ ಬರೆದ ಕೀಮೋ ಹೆಸರು ಕೇಪಾಕ್ಸ್. ಇದರಲ್ಲಿ ಎರಡು ಔಷಧಿ. ಮೊದಲ ದಿನ ಆಸ್ಪತ್ರೆಯಲ್ಲಿ ಆಕ್ಸಾಲಿಪ್ಲಾಟಿನ್ ಡ್ರಿಪ್ ಹಾಕಿ ಕಳಿಸ್ತಾರೆ. ಆಮೇಲೆ ಕೆಪೆಸಿಟಬೀನ್ ಮಾತ್ರೆ ಮನೇಲೇ, 14 ದಿನ. ಅದಾದ್ಮೇಲೆ 7 ದಿನ ಏನೂ ಇಲ್ಲ. ಒಟ್ಟು 21 ದಿನ, 22ನೇ ದಿನ ಮತ್ತೆ ಡ್ರಿಪ್.

ಆಸ್ಪತ್ರೆ ಕೊಟ್ಟ ಹಾಳೆ ಇಂಗ್ಲಿಷಲ್ಲಿತ್ತು. ಡಿ1 ಟು ಡಿ14, ಕ್ಯೂ 21 ಡಿ, ಪಕ್ಕದಲ್ಲಿ 3-0-3. ‘ಕನ್ನಡದಲ್ಲಿ ಬರ್ಕೊಡೇ’ ಅಂತ ಮನೇಲಿ ನನ್ನ ಕೈಗೆ ಕೊಟ್ರು. ಬಿಕಾಂ ಓದೋಳಿಗೆ ಇದ್ಯಾಕೆ ಅಂತೀರಾ? ಮನೇಲಿ ಇಂಗ್ಲಿಷ್ ಓದೋರು ಯಾರಿರ್ತಾರೋ ಅವರೇ ಡಾಕ್ಟರ್, ಅವರೇ ವಕೀಲರು. ನಿಮ್ಮನೇಲೂ ಹಾಗೇ ತಾನೇ?

ನಾನು ಹೇಳೋದು ಒಂದೇ ಮಾತು. ಆ ಹಾಳೇನ ಸಾಲು ಸಾಲಾಗಿ ಕನ್ನಡ ಮಾಡಬೇಡಿ. ಕ್ಯಾಲೆಂಡರ್ ಮಾಡಿ.

ಯಾಕೆ ಅಂತ ದೊಡ್ಡಮ್ಮನ ಮೊದಲ ಸೈಕಲ್ಲೇ ತೋರಿಸ್ತೀನಿ. ಅವರ ಎತ್ತರ, ತೂಕ ನೋಡಿ ಬರೆದಿದ್ದ ಡೋಸ್ ಬೆಳಿಗ್ಗೆ 1500 ಎಂಜಿ, ರಾತ್ರಿ 1500 ಎಂಜಿ. ಮಾತ್ರೆ 500 ಎಂಜಿದು, ಅಂದ್ರೆ ಬೆಳಿಗ್ಗೆ ಮೂರು, ರಾತ್ರಿ ಮೂರು. ದಿನಕ್ಕೆ 6, ಹದಿನಾಲ್ಕು ದಿನಕ್ಕೆ 84. ನಮಗೆ ಸಿಕ್ಕ ಸ್ಟ್ರಿಪ್‌ನಲ್ಲಿ 10 ಮಾತ್ರೆ, ಮೆಡಿಕಲ್ ಶಾಪ್‌ನೋರು ಸ್ಟ್ರಿಪ್ ಕತ್ತರಿಸದೆ 9 ಪೂರ್ತಿ ಕೊಟ್ರು. 90 ಮಾತ್ರೆ. ಉಳಿಯೋದು 6, ಸರಿಯಾಗಿ ಒಂದು ದಿನದ್ದು. ಈಗ ಆ ‘ಹದಿನೈದು ದಿನ’ ನೆನಪಿಸಿಕೊಳ್ಳಿ. ಹದಿನಾಲ್ಕು ದಿನ ಅಂತ ಓದಿ ಹೇಳಿದ್ರೂ ಮನೆಯವರ ಬಾಯಲ್ಲಿ ಅದು ಸಂಜೆಯೊಳಗೆ ‘ಹದಿನೈದು ದಿನದ ಮಾತ್ರೆ’ ಆಗುತ್ತೆ. ಡಬ್ಬೀಲಿರೋ ಮಾತ್ರೆಯೂ ಹದಿನೈದು ದಿನಕ್ಕೆ ಸರಿಹೋಗುತ್ತೆ. ತಪ್ಪು ಲೆಕ್ಕಕ್ಕೆ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಿಬಿಡುತ್ತೆ! ಅದರ ಮೇಲೆ ‘ಕೋರ್ಸ್ ಪೂರ್ತಿ ಮುಗಿಸಬೇಕು’ ಅನ್ನೋ ಆಂಟಿಬಯಾಟಿಕ್ ಪಾಠ ಬೇರೆ ಎಲ್ಲರ ತಲೇಲಿ ಇದೆ.

ಆ ಏಳು ದಿನ ರಜೆ ಸುಮ್ಮನೆ ಕೊಟ್ಟಿದ್ದಲ್ಲ. ಈ ಔಷಧಿ ಬೇಗ ಬೇಗ ಬೆಳೆಯೋ ಕಣಗಳಿಗೆ ಹೊಡೆಯುತ್ತೆ. ಕ್ಯಾನ್ಸರ್ ಕಣ ಹಾಗೆ ಬೆಳೆಯುತ್ತೆ, ಜೊತೆಗೆ ಬಾಯಿ ಮತ್ತು ಕರುಳಿನ ಒಳಪದರ, ಮೂಳೆಯೊಳಗೆ ರಕ್ತ ತಯಾರಾಗೋ ಮಜ್ಜೆಯೂ ಹಾಗೇ. ರಜೆ ಇರೋದು ಇವು ಚೇತರಿಸಿಕೊಳ್ಳಲಿ ಅಂತ.

ಇನ್ನೊಂದು ಗೋಜಲು ‘21 ದಿನಕ್ಕೊಮ್ಮೆ’ ಅನ್ನೋದು. ಎಲ್ಲಿಂದ 21? ಮಾತ್ರೆ ಮುಗಿದ ಮೇಲಿಂದ ಎಣಿಸಿದ್ರೆ ಮುಂದಿನ ಕೀಮೋ ಎರಡು ವಾರ ತಡ. ನಮ್ಮ ಕಾಮರ್ಸ್ ಪಾಠದಲ್ಲಿ ಹುಂಡಿಯ ಡ್ಯೂ ಡೇಟ್ ಹಾಕುವಾಗ ಬರೆದ ದಿನ ಬಿಟ್ಟು ಎಣಿಸ್ತೀವಿ. ಇಲ್ಲಿ ಡ್ರಿಪ್ ಹಾಕಿದ ದಿನವೇ ‘ಒಂದು’. ಹಾಗಾಗಿ ಹಾಳೆ ಮೇಲೆ ಡೇ 1, ಡೇ 14 ಅಂತ ಬರೆಯೋದೇ ಬೇಡ. ನಾನು ಬರೆದಿದ್ದು ಹೀಗೆ: ಜೂನ್ 2 ಸೋಮವಾರ ಡ್ರಿಪ್, ಅವತ್ತಿಂದ ಜೂನ್ 15 ಭಾನುವಾರ ರಾತ್ರಿವರೆಗೂ ಮಾತ್ರೆ. ಜೂನ್ 16 ಸೋಮವಾರದಿಂದ 22 ಭಾನುವಾರದವರೆಗೂ ಮಾತ್ರೆ ಇಲ್ಲ, ಡಬ್ಬೀಲಿ ಉಳಿದಿದ್ರೂ ಇಲ್ಲ. ಜೂನ್ 23 ಸೋಮವಾರ ಮುಂದಿನ ಡ್ರಿಪ್, ಅದಕ್ಕೆ ಮೊದಲು ರಕ್ತ ಪರೀಕ್ಷೆ.

ಇದನ್ನ ಬಿಳಿ ಹಾಳೆ ಮೇಲೆ ಬರೀಲಿಲ್ಲ. ಗೋಡೆಗೆ ತೂಗುಹಾಕಿರೋ ಪಂಚಾಂಗದ ಕ್ಯಾಲೆಂಡರ್ ಮೇಲೇ ಬರೆದೆ, ಪ್ರತಿ ದಿನದ ಚೌಕದಲ್ಲಿ ಬೆಳಿಗ್ಗೆಗೊಂದು ಸೊನ್ನೆ, ರಾತ್ರಿಗೊಂದು ಸೊನ್ನೆ. ನುಂಗಿದ ಮೇಲೆ ದೊಡ್ಡಮ್ಮನೇ ಟಿಕ್ ಹಾಕ್ತಾರೆ. ಹಾಗೆ ಬರೀತಾ ಇದ್ದಾಗಲೇ ಕಂಡಿದ್ದು, ಆ ಎರಡು ವಾರದ ಮಧ್ಯ ಏಕಾದಶಿ! ದೊಡ್ಡಮ್ಮ ಉಪವಾಸದೋರು. ಈ ಮಾತ್ರೆ ಊಟ ಆದ್ಮೇಲೇ ನುಂಗಬೇಕು. ಇಂಗ್ಲಿಷ್ ಹಾಳೇನ ಎಷ್ಟು ಚೆನ್ನಾಗಿ ಕನ್ನಡ ಮಾಡಿದ್ರೂ ಏಕಾದಶಿ ಅದರಲ್ಲಿ ಕಾಣಿಸ್ತಿರಲಿಲ್ಲ. ಫೋನ್ ಮಾಡಿ ಕೇಳಿದ್ವಿ, ಉಪವಾಸ ಬೇಡ ಅಂದ್ರು. ಅವತ್ತು ಅವಲಕ್ಕಿ ಉಪ್ಪಿಟ್ಟು ತಿಂದ್ರು, ಸ್ವಲ್ಪ ಗೊಣಗಿಕೊಂಡೇ.

ಊಟದ ವಿಷಯದಲ್ಲೂ ಒಂದು ಪದದ ಬಲೆ ಇದೆ. ಹಾಳೇಲಿ ಇರೋದು ಊಟ ಆದ ಅರ್ಧ ಗಂಟೆಯ ‘ಒಳಗೆ’. ನಾವು ಅಭ್ಯಾಸಬಲದಿಂದ ‘ಊಟ ಆಗಿ ಅರ್ಧ ಗಂಟೆ ಬಿಟ್ಟು’ ಅಂತ ಹೇಳಿಬಿಡ್ತೀವಿ. ‘ಊಟದ ಕೈ ತೊಳೆದು, ಕೂತಲ್ಲೇ ನೀರಿನ ಜೊತೆ’ ಅಂತ ಬರೆದ್ರೆ ಗಡಿಯಾರವೇ ಬೇಡ.

ಈಗ ಅಡ್ಡಪರಿಣಾಮದ ಪಟ್ಟಿಗೆ ಬನ್ನಿ. ಪದಕ್ಕೆ ಪದ ಇಟ್ಟ ಅನುವಾದ ಇಲ್ಲಿ ನಿಜವಾಗ್ಲೂ ಕಾಟ ಕೊಡುತ್ತೆ.

ಆಕ್ಸಾಲಿಪ್ಲಾಟಿನ್ ನರಗಳಿಗೆ ತೊಂದರೆ ಮಾಡೋ ಔಷಧಿ. ಡ್ರಿಪ್ ಆದ ಮೊದಲ ಕೆಲವು ದಿನ ತಣ್ಣಗಿರೋದು ಏನು ಮುಟ್ಟಿದ್ರೂ ಬೆರಳು ಜುಮ್ಮೆನ್ನುತ್ತೆ, ತಣ್ಣೀರು ಕುಡಿದ್ರೆ ಗಂಟಲು ಹಿಡಿದ ಹಾಗೆ, ಉಸಿರೇ ಕಟ್ಟಿದ ಹಾಗೆ ಅನ್ನಿಸುತ್ತೆ. ಇದಕ್ಕೆ ಒಂದು ಕನ್ನಡ ಹಾಳೇಲಿ ‘ಶೀತ ಸಂವೇದನೆ’ ಅಂತ ಓದಿದ್ದೆ. ನಮ್ಮನೇಲಿ ಶೀತ ಅಂದ್ರೆ ನೆಗಡಿ. ‘ಶೀತ ಆಗ್ಬಹುದು’ ಅಂತ ಓದಿದ ಯಾರಾದ್ರೂ ವಿಕ್ಸ್ ತಂದಿಡ್ತಾರೆ, ಫ್ರಿಜ್ ಬಾಗಿಲು ತೆಗೀಬೇಡಿ ಅಂತ ಅರ್ಥ ಮಾಡ್ಕೊಳ್ಳಲ್ಲ.

ಇದರ ಅಕ್ಕ ‘ಉಷ್ಣ’. ಕೆಪೆಸಿಟಬೀನ್‌ಗೆ ಬಾಯಿ ಹುಣ್ಣಾಗಬಹುದು, ಅಂಗೈ ಅಂಗಾಲು ಉರಿದು ಚರ್ಮ ಸುಲಿಯಬಹುದು. ಇದನ್ನ ನೋಡಿದ ಕೂಡ್ಲೇ ನಮ್ಮ ಇಡೀ ಬೀದಿ ಹೇಳೋದು ‘ಉಷ್ಣ ಆಗಿದೆ, ತಂಪು ಕೊಡಿ’. ತಂಪು ಅಂತ ಬರೋದೇನು? ಫ್ರಿಜ್ಜಿನ ಎಳನೀರು, ಮಡಕೆ ಮಜ್ಜಿಗೆ. ಡ್ರಿಪ್ ಆದ ವಾರದಲ್ಲಿ ಗಂಟಲು ಹಿಡಿಯೋಕೆ ಇದೇ ಸಾಕು. ಎಳನೀರಲ್ಲಿ ತಪ್ಪಿಲ್ಲ, ಅದು ತಣ್ಣಗಿರೋದು ತಪ್ಪು. ಆದ್ರೆ ನಮ್ಮ ಭಾಷೇಲಿ ‘ತಂಪು’ ಅನ್ನೋದು ಗುಣವೂ ಹೌದು, ತಾಪಮಾನವೂ ಹೌದು. ಅದಕ್ಕೆ ನಾನು ಆ ಪದಾನೇ ಬಿಟ್ಟು ಹೀಗೆ ಬರೆದೆ: ‘ಡ್ರಿಪ್ ಆದ ಮೊದಲ ವಾರ ಫ್ರಿಜ್ಜಿನದು, ಮಡಕೆದು ಕುಡಿಯಬೇಡಿ. ಬೆಳಿಗ್ಗೆ ನಲ್ಲಿ ನೀರಲ್ಲಿ ಪಾತ್ರೆ ತೊಳೀಬೇಡಿ. ಉಗುರು ಬೆಚ್ಚಗಿರೋ ನೀರು ಸಾಕು. ಎಳನೀರು ಮನೇಲಿಟ್ಟು ತಣ್ಣಗಿಲ್ಲದ್ದು ಕುಡೀಬಹುದು.’

ಅಂಗಾಲಿಗೆ ಗೋರಂಟಿ ಹಚ್ಚೋಣ ಅಂತ ಅತ್ತೆ ಒಬ್ರು ಹೊರಟಿದ್ರು. ಬೇಡ ಅಂದ್ವಿ. ಚರ್ಮದ ಬಣ್ಣ ಬದಲಾಗೋದೇ ಎಚ್ಚರಿಕೆ, ಅದನ್ನ ಗೋರಂಟಿ ಮುಚ್ಚಿಬಿಡುತ್ತೆ. ಅಂದಹಾಗೆ ಹಾಳೇಲಿ ‘ಕೆಂಪಾಗುತ್ತೆ’ ಅಂತಿರುತ್ತೆ. ನಮ್ಮಂಥ ಮೈಬಣ್ಣದೋರಿಗೆ ಬರೀ ಕೆಂಪನ್ನೇ ಕಾಯ್ತಾ ಕೂರಬೇಡಿ, ಕಪ್ಪಾಗಿಯೂ ಕಾಣಬಹುದು. ನಡೆಯೋಕೆ, ಚಪಾತಿ ಲಟ್ಟಿಸೋಕೆ ನೋವಾಗ್ತಿದ್ಯಾ ಅಂತ ಕೇಳಿ, ಅದೇ ಒಳ್ಳೆ ಅಳತೆ.

ಉಳಿದಿದ್ದು ಯಾವಾಗ ಫೋನ್ ಮಾಡಬೇಕು ಅನ್ನೋದು. ‘ತೀವ್ರ ಭೇದಿಯಾದಲ್ಲಿ ವೈದ್ಯರನ್ನು ಸಂಪರ್ಕಿಸಿ.’ ಈ ಸಾಲು ವ್ಯಾಕರಣದಲ್ಲಿ ಸರಿ, ಮನೇಲಿ ಕೆಲಸಕ್ಕೆ ಬರಲ್ಲ. ತೀವ್ರ ಅಂದ್ರೆ ಎಷ್ಟು? ದೊಡ್ಡಮ್ಮನ ಪ್ರಕಾರ ಎದ್ದು ಓಡಾಡೋಕೆ ಆಗದೇ ಇದ್ರೆ ತೀವ್ರ, ಅಲ್ಲಿವರೆಗೂ ‘ಪರವಾಗಿಲ್ಲ’. ಡಾಕ್ಟರ್ ಪ್ರಕಾರ ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಜಾಸ್ತಿ ಆದ್ರೇನೇ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕು. ಈ ‘ನಿಲ್ಲಿಸಿ’ ಅನ್ನೋದನ್ನ ಮನೆಯವರು ನಂಬೋದೇ ಕಷ್ಟ, ಕೀಮೋ ತಪ್ಪಿಸಿದ್ರೆ ಕಾಯಿಲೆ ವಾಪಸ್ ಬರುತ್ತೆ ಅನ್ನೋ ಭಯ. ಭೇದಿ ಆಗ್ತಿರುವಾಗ್ಲೂ ನುಂಗ್ತಾ ಹೋಗೋದೇ ಅಪಾಯ ಅಂತ ಡಾಕ್ಟರ್ ಬಾಯಿಂದಲೇ ದೊಡ್ಡಪ್ಪನಿಗೆ ಹೇಳಿಸಿ, ಆಮೇಲೆ ಬರೆಯಿರಿ. ಇನ್ನೊಂದು, ದೊಡ್ಡಮ್ಮ ಎಷ್ಟು ಸಲ ಹೋದ್ರು ಅಂತ ಗಂಡಸರ ಹತ್ರ ಹೇಳೋರಲ್ಲ. ಕ್ಯಾಲೆಂಡರ್ ಚೌಕದಲ್ಲಿ ಗೆರೆ ಎಳೀತಾರೆ, ನಾವು ಎಣಿಸ್ತೀವಿ. ಯಾರೂ ಏನೂ ಬಾಯಿಬಿಟ್ಟು ಹೇಳ್ಬೇಕಾಗಿಲ್ಲ.

ಜ್ವರದ ಸಾಲು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಇರಲಿ. ‘ಜ್ವರ ಬಂದ್ರೆ’ ಅಂತ ಬರೆದ್ರೆ ಸಾಲಲ್ಲ, ‘ಜ್ವರ ಅಲ್ಲ, ಮೈ ಬೆಚ್ಚಗಿದೆ ಅಷ್ಟೇ’ ಅಂತ ಒಂದು ಡೋಲೋ ಕೊಟ್ಟು ಮಲಗಿಸ್ತಾರೆ. ಮಾತ್ರೆ ಜ್ವರ ಇಳಿಸುತ್ತೆ, ಸೋಂಕು ಹಾಗೇ ಇರುತ್ತೆ. ಕೀಮೋ ಆದ್ಮೇಲೆ ಬಿಳಿ ರಕ್ತಕಣ ಕಡಿಮೆಯಾಗಿರೋ ದಿನಗಳಲ್ಲಿ ಸೋಂಕು ಕೆಲವೇ ಗಂಟೇಲಿ ಕೈಮೀರಬಹುದು. ನಾನು ಬರೆದಿದ್ದು: ‘ಥರ್ಮಾಮೀಟರ್‌ನಲ್ಲಿ 100.4 ಅಥವಾ ಜಾಸ್ತಿ ತೋರಿಸಿದ್ರೆ, ಇಲ್ಲಾ ಚಳಿ ಬಂದು ನಡುಗಿದ್ರೆ, ರಾತ್ರಿ ಎರಡು ಗಂಟೆ ಆಗಿದ್ರೂ ಈ ನಂಬರ್‌ಗೆ ಫೋನ್. ಮೊದಲು ಹೇಳ್ಬೇಕಾದ ಮಾತು: ಕೀಮೋ ಪೇಷಂಟ್, ಡ್ರಿಪ್ ಆಗಿದ್ದು ಜೂನ್ 2.’ ಹತ್ತಿರದ ಆಸ್ಪತ್ರೆಗೆ ಓಡಿದ್ರೂ ಇದೇ ಮಾತು ಮೊದಲು. ಹೇಳದೇ ಇದ್ರೆ ಅಲ್ಲೂ ಮಾಮೂಲಿ ಜ್ವರದ ಸಾಲಲ್ಲಿ ಕೂರಿಸ್ತಾರೆ.

ಕೆಲವರ ಮನೇಲಿ ಕನ್ನಡದಲ್ಲಿ ಬರೆಯೋದಕ್ಕೇ ವಿರೋಧ, ಗೊತ್ತು ನನಗೆ. ಇಂಗ್ಲಿಷಲ್ಲಿದ್ರೆ ಪೇಷಂಟ್ ಓದಲ್ಲ, ಹೆದರಲ್ಲ ಅಂತ. ನಮ್ಮನೇಲೂ ಈ ಮಾತು ಬಂತು. ಆದ್ರೆ ಮಾತ್ರೆ ನುಂಗೋರು ಅವರು, ರಾತ್ರಿ ಗಂಟಲು ಹಿಡಿಯೋದು ಅವರಿಗೆ. ಏನಾಗ್ತಿದೆ ಅಂತ ಗೊತ್ತಿಲ್ಲದೇ ಇರೋದು ಇನ್ನೂ ದೊಡ್ಡ ಹೆದರಿಕೆ ಅಲ್ವಾ? ನನ್ನ ಕ್ಯಾಲೆಂಡರ್‌ನಲ್ಲಿ ಕಾಯಿಲೆ ಹೆಸರು ಎಲ್ಲೂ ಇಲ್ಲ, ಬೇಕಾಗಲೂ ಇಲ್ಲ.

ಬರೆದ್ಮೇಲೆ ಡೇ ಕೇರ್ ಸಿಸ್ಟರ್‌ಗೆ ಫೋಟೋ ತೋರಿಸಿ ಪ್ರತಿ ಸಾಲೂ ಓದಿ ಹೇಳಿ. ನಿಮ್ಮ ಕೀಮೋ ಬೇರೆ ಇದ್ರೆ ದಿನ, ಮಾತ್ರೆ, ಎಚ್ಚರಿಕೆ ಎಲ್ಲಾ ಬೇರೆ, ನನ್ನದನ್ನ ಕಾಪಿ ಮಾಡಬೇಡಿ. ಆಮೇಲೆ ಪೇಷಂಟ್ ಹತ್ರ ‘ಅರ್ಥ ಆಯ್ತಾ’ ಅಂತ ಕೇಳಬೇಡಿ, ಆಯ್ತು ಅಂತಾನೇ ಹೇಳ್ತಾರೆ. ‘16ನೇ ತಾರೀಖು ಬೆಳಿಗ್ಗೆ ಎಷ್ಟು ಮಾತ್ರೆ?’ ಅಂತ ಕೇಳಿ. ದೊಡ್ಡಮ್ಮ ಮೊದಲ ಸಲ ‘ಮೂರು’ ಅಂದ್ರು. ಮತ್ತೆ ಕೂತ್ಕೊಂಡು, 16ರಿಂದ 22ರವರೆಗೂ ಚೌಕದಲ್ಲಿ ಅಡ್ಡಗೆರೆ ಎಳೆದ್ವಿ.

ಒಂದೇ ಸೈಕಲ್ ಬರೆಯಿರಿ, ಅದರ ಕೊನೇ ತಾರೀಖು ಪೆನ್ಸಿಲಲ್ಲಿ. ನಮಗೆ ಜೂನ್ 23 ಅಂತ ಇದ್ದಿದ್ದು, ರಕ್ತ ಪರೀಕ್ಷೇಲಿ ಪ್ಲೇಟ್‌ಲೆಟ್ ಕಡಿಮೆ ಬಂದು ಜೂನ್ 30ಕ್ಕೆ ಹೋಯ್ತು. ಆ ಆರು ಮಾತ್ರೆ ಇನ್ನೂ ಬೇರೆ ಡಬ್ಬೀಲೇ ಇವೆ, ಮೇಲೆ ಚೀಟಿ ಅಂಟಿಸಿ: ‘ಮುಂದಿನ ಡ್ರಿಪ್ ಆಗೋವರೆಗೂ ಮುಟ್ಟಬೇಡಿ.’