ಬೆಳಿಗ್ಗೆ ಮಾತ್ರ ಗಂಟಲು ನೋವೇ? ಮೊದಲು ಮೂಗು ನೋಡಿ

ರಾಂಜಣಗಾಂವದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕನ್ನಡದ ಮನೆಗಳಿಂದ ಡಿಸೆಂಬರ್, ಜನವರಿ ಬಂದರೆ ಒಂದೇ ದೂರು: “ಡಾಕ್ಟ್ರೇ, ಏಳುವಾಗ ಗಂಟಲು ಕೊಯ್ದ ಹಾಗಾಗುತ್ತೆ.” ನಾನು ಹೃದ್ರೋಗ ವೈದ್ಯ. ಆದರೂ ಕೇಳುವ ಮೊದಲ ಪ್ರಶ್ನೆ, “ಹತ್ತು ಗಂಟೆಗೆ ಹೇಗಿರುತ್ತೆ?”

ಕಲಬುರಗಿ ಕಡೆಯ ಒಬ್ಬರು, ವಯಸ್ಸು ನಲವತ್ತೆರಡು, ಆಗಲೇ ಎರಡು ಸಲ ಆಂಟಿಬಯಾಟಿಕ್ ನುಂಗಿದ್ದರು. ಜ್ವರ ಇರಲಿಲ್ಲ. ಚಹಾ, ತಿಂಡಿ ಆದ ಮೇಲೆ ನೋವು ಮಾಯ, ಮರುದಿನ ಮತ್ತೆ ಹಾಜರು. ಸೋಂಕು ಹೀಗೆ ಗಡಿಯಾರ ನೋಡಿ ಬರುವುದಿಲ್ಲ.

ಆಗುವುದು ಇಷ್ಟು. 12 ಡಿಗ್ರಿ ಚಳಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 11 ಗ್ರಾಂ ನೀರಾವಿ ಹಿಡಿಯುತ್ತದೆ. ಶ್ವಾಸಕೋಶ ತಲುಪುವಷ್ಟರಲ್ಲಿ ಅದೇ ಗಾಳಿಗೆ ಸುಮಾರು 44 ಗ್ರಾಂ ಬೇಕು. ಈ ಕೊರತೆಯನ್ನು ತುಂಬುವ ಕೆಲಸ ಮೂಗಿನದು. ಉಸಿರು ಬಿಡುವಾಗ ಸ್ವಲ್ಪ ತೇವವನ್ನು ಅದು ವಾಪಸ್ಸೂ ಪಡೆಯುತ್ತದೆ. ಮೂಗು ಕಟ್ಟಿ ಬಾಯಿಂದ ಉಸಿರಾಡಿದರೆ ಆ ನೀರೆಲ್ಲ ಗಂಟಲಿನ ಪೊರೆಯಿಂದಲೇ ಹೋಗಬೇಕು. ನಿದ್ದೆಯಲ್ಲಿ ಜೊಲ್ಲು ಊರುವುದೂ, ನುಂಗುವುದೂ ಬಹಳ ಕಡಿಮೆ. ಹಾಗಾಗಿ ಒಣಗಿದ ಜಾಗವನ್ನು ಮತ್ತೆ ಒದ್ದೆ ಮಾಡುವವರೇ ಇಲ್ಲ. ಸೊಳ್ಳೆಗೆಂದು ಮುಖಕ್ಕೇ ಫ್ಯಾನ್ ಬಿಟ್ಟುಕೊಂಡರೆ ಇನ್ನೂ ಕೆಟ್ಟದ್ದು.

ಅದಕ್ಕೇ ನನ್ನ ಅಭಿಪ್ರಾಯ: ಬೆಳಗಿನ ಉಪ್ಪುನೀರಿನ ಮುಕ್ಕಳಿಕೆಗಿಂತ ರಾತ್ರಿ ಮಲಗುವ ಮುನ್ನ ಮೂಗಿಗೆ ಮಾಡುವ ಆರೈಕೆ ಮುಖ್ಯ. ಔಷಧಿ ಅಂಗಡಿಯ ಬರೀ ಸಲೈನ್ ಹನಿ ಸಾಕು. ಮೂಗು ತಟ್ಟನೆ ಬಿಡಿಸುವ ಹನಿಗಳನ್ನು ಐದು ದಿನಕ್ಕಿಂತ ಹೆಚ್ಚು ಹಾಕಬೇಡಿ. ಆಮೇಲೆ ಅವೇ ಮೂಗು ಕಟ್ಟಿಸುತ್ತವೆ. ಬಿಪಿ ಇರುವವರು ವೈದ್ಯರನ್ನು ಕೇಳದೆ ಅವನ್ನು ಮುಟ್ಟಲೇಬಾರದು. ಫ್ಯಾನನ್ನು ಗೋಡೆ ಕಡೆ ತಿರುಗಿಸಿ, ಮಗ್ಗುಲಾಗಿ ಮಲಗಿ.

ಆ ಕಲಬುರಗಿಯವರ ಹೆಂಡತಿ ಇನ್ನೊಂದು ಮಾತು ಹೇಳಿದರು: “ಗೊರಕೆ ಹೊಡೀತಾ ಹೊಡೀತಾ ಉಸಿರೇ ನಿಲ್ತದ್ರೀ, ಆಮೇಲೆ ಗಕ್ಕನೆ ಎಳೀತಾರ.” ಬಿಪಿ ನೋಡಿದರೆ 150/96. ನಿದ್ರಾ ಪರೀಕ್ಷೆಯಲ್ಲಿ ಸ್ಲೀಪ್ ಆಪ್ನಿಯಾ ಎಂದು ಗೊತ್ತಾಯಿತು. ಪ್ರತಿ ಸಲ ಉಸಿರು ನಿಂತಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಬಿಪಿ ಏರುತ್ತದೆ. ಹೃದಯಕ್ಕೆ ರಾತ್ರಿಯೂ ವಿಶ್ರಾಂತಿ ಇಲ್ಲ. ಒಣ ಗಂಟಲು, ಗೊರಕೆ, ಹಗಲು ತೂಕಡಿಕೆ, ಬಿಪಿ ಇವೆಲ್ಲ ಒಟ್ಟಿಗೆ ಇದ್ದರೆ ಪರೀಕ್ಷೆ ಮಾಡಿಸಿಕೊಳ್ಳಿ. ಬಾಯಿಗೆ ಟೇಪ್ ಅಂಟಿಸುವ ವೀಡಿಯೋ ನಂಬಬೇಡಿ. ಕಟ್ಟಿದ ಮೂಗಿನವರಿಗೆ ಅದು ಅಪಾಯ.

ಆದರೆ ಎಲ್ಲವನ್ನೂ ಒಣಗಾಳಿಯ ಮೇಲೆ ಹಾಕಬೇಡಿ. 5ರಿಂದ 15 ವರ್ಷದ ಮಕ್ಕಳಿಗೆ ಜ್ವರ, ದಿನವಿಡೀ ನುಂಗಲು ನೋವು, ಕುತ್ತಿಗೆಯಲ್ಲಿ ನೋಯುವ ಗಂಟು ಇದ್ದು, ಕೆಮ್ಮು ನೆಗಡಿ ಇಲ್ಲದಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಅದು ಸ್ಟ್ರೆಪ್ಟೋಕಾಕಸ್ ಸೋಂಕಾಗಿದ್ದರೆ ಮುಂದೆ ಸಂಧಿವಾತ ಜ್ವರ ಬಂದು ಹೃದಯದ ಕವಾಟ ಕೆಡಬಹುದು. ಅಲ್ಲಿ ಆಂಟಿಬಯಾಟಿಕ್ ಬೇಕೇ ಬೇಕು, ಕೋರ್ಸ್ ಪೂರ್ತಿ ಮುಗಿಸಲೇಬೇಕು. ದೊಡ್ಡವರಲ್ಲಿ ಮೂರು ವಾರ ಮೀರಿದ ನೋವು ಅಥವಾ ಸ್ವರ ಬದಲಾವಣೆ ಇದ್ದರೆ, ಅದರಲ್ಲೂ ತಂಬಾಕು ತಿನ್ನುವವರು, ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ.

ನಾಳೆ ಬೆಳಿಗ್ಗೆ ಮಾತ್ರೆಗೆ ಕೈ ಹಾಕುವ ಮೊದಲು, ರಾತ್ರಿ ಬಾಯಿ ತೆರೆದಿತ್ತೇ ಎಂದು ಪಕ್ಕದಲ್ಲಿ ಮಲಗಿದವರನ್ನು ಕೇಳಿ.