ಮೂರು ಭಾಗ ಮಾಡಿ ಕೊಂಡ್ರೆ ರಿಸ್ಕ್ ಕಮ್ಮಿ ಅಂತ ಯಾರು ಹೇಳಿದ್ದು?

1/7
ಕ್ಯಾಂಟೀನ್‌ನಲ್ಲಿ ಕೂತ್ರೆ ಒಂದೇ ಮಾತು. "ಒಂದೇ ಸಲ ಎಂಟ್ರಿ ತಗೋಬೇಡ ಮಗಾ, ಮೂರು ಭಾಗ ಮಾಡು. ಆವರೇಜ್ ಇಳಿಯುತ್ತೆ, ರಿಸ್ಕ್ ಕಮ್ಮಿ ಆಗುತ್ತೆ." ಹೇಳೋರು ಬೇಜಾನ್, ಲೆಕ್ಕ ಹಾಕಿ ತೋರಿಸಿದೋರು ಯಾರೂ ಇಲ್ಲ. ಈ ಮಾತಿನಲ್ಲಿ ಮೊದಲರ್ಧ ಬೆಲೆ ಬಿದ್ದಾಗ ಮಾತ್ರ ನಿಜ. ಎರಡನೇ ಅರ್ಧ ತಾನಾಗಿ ನಿಜ ಆಗಲ್ಲ, ನಾವು ಅದನ್ನ ನಿಜ ಮಾಡಬೇಕು. ಷೇರಿನ ಲೆಕ್ಕ ಬೇಡ, ನಮ್ಮೂರ ಕೊಬ್ಬರಿಯಲ್ಲೇ ನೋಡೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ.

2/7
ನಿಮ್ಮ ಹತ್ರ 30 ಕ್ವಿಂಟಲ್ ಉಂಡೆ ಕೊಬ್ಬರಿ ಹಿಡಿದಿಡೋಕೆ ದುಡ್ಡಿದೆ ಅಂದ್ಕೊಳ್ಳಿ. ಇವತ್ತಿನ ರೇಟು ಕ್ವಿಂಟಲ್‌ಗೆ 24,000. (ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಹಾಕಿದ ಅಂಕಿ.) 20,000ಕ್ಕೆ ಇಳಿದ್ರೆ ನನ್ನ ಅಂದಾಜು ತಪ್ಪು ಅಂತ ಒಪ್ಕೊಂಡು ಮಾರಿ ಕೈ ತೊಳ್ಕೊತೀನಿ ಅಂತ ತೀರ್ಮಾನ ಮಾಡಿದ್ದೀರಿ. ಸ್ಟಾಪ್ ಲಾಸ್ ಅಂದ್ರೆ ಇಷ್ಟೇ.

ಒಂದೇ ಸಲ 30 ಕ್ವಿಂಟಲ್ ಕೊಂಡ್ರೆ, ತಪ್ಪಾದಾಗ ಹೋಗೋದು 4,000 × 30, ಅಂದ್ರೆ 1,20,000.

ಮೂರು ಭಾಗ ಮಾಡ್ತೀರಿ: 24,000ಕ್ಕೆ 10, 22,500ಕ್ಕೆ 10, 21,000ಕ್ಕೆ 10. ಆವರೇಜ್ 22,500. ಅದೇ 20,000ಕ್ಕೆ ಹೊರಗೆ ಬಂದ್ರೆ ಹೋಗೋದು 2,500 × 30, ಅಂದ್ರೆ 75,000. "ನೋಡಿದ್ಯಾ, ಕಮ್ಮಿ!" ಅಂತೀರಿ. ಸರಿ, ಇಲ್ಲಿವರೆಗೆ ನಿಮ್ಮದೇ ಗೆಲುವು.

3/7
ಈಗ ಬೆಲೆ ಬೀಳದೆ ನೇರ 28,000ಕ್ಕೆ ಹೋಯ್ತು ಅನ್ನಿ. ಒಂದೇ ಸಲ ಕೊಂಡೋನಿಗೆ 1,20,000 ಲಾಭ. ನಿಮ್ಮ ಕೈಲಿರೋದು ಮೊದಲ 10 ಕ್ವಿಂಟಲ್ ಮಾತ್ರ, ಲಾಭ 40,000. ಉಳಿದ ಎರಡು ಭಾಗದ ದುಡ್ಡು ಬ್ಯಾಂಕಲ್ಲೇ ಕೂತಿರುತ್ತೆ.

ಯಾರೂ ಹೇಳದೇ ಇರೋ ವಿಷಯ ಇದೇ. ಇಳಿದಾಗ ಕೊಳ್ಳೋ ಪದ್ಧತಿಯಲ್ಲಿ, ನಿಮ್ಮ ಅಂದಾಜು ತಕ್ಷಣ ಸರಿಯಾದಾಗ ಕೈಯಲ್ಲಿ ಮೂರನೇ ಒಂದು ಭಾಗ ಇರುತ್ತೆ. ಪೂರ್ತಿ ತಪ್ಪಾದಾಗ ಪೂರ್ತಿ ಮಾಲು ಇರುತ್ತೆ. ಯಾಕಂದ್ರೆ 20,000ಕ್ಕೆ ಬೀಳೋ ಬೆಲೆ 22,500 ಮತ್ತು 21,000 ದಾಟಿಕೊಂಡೇ ಬೀಳಬೇಕು. ಸೋಲೋ ಪ್ರತಿ ಸಲವೂ ಗೋದಾಮು ತುಂಬಿರುತ್ತೆ, ಗೆಲ್ಲೋ ಎಷ್ಟೋ ಸಲ ಅರ್ಧ ಖಾಲಿ.

ಇದು ಬರೀ ಕಾಗದದ ಲೆಕ್ಕ ಅಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ಇತ್ತು, ಮಾರುಕಟ್ಟೆ ರೇಟು ಅದಕ್ಕಿಂತ ಕೆಳಗಿತ್ತು. 2025ರ ಮಧ್ಯದಲ್ಲಿ ನಮ್ಮ ಎಪಿಎಂಸಿಯಲ್ಲೇ ರೇಟು 25,000 ದಾಟಿತು. ಆ ಏರಿಕೆಯಲ್ಲಿ "ಇನ್ನೊಂಚೂರು ಇಳೀಲಿ, ಎರಡನೇ ಭಾಗ ತಗೊಳ್ಳೋಣ" ಅಂತ ಕಾಯ್ತಾ ಕೂತೋನಿಗೆ ಏನು ಸಿಕ್ಕಿರುತ್ತೆ ಅಂತ ನೀವೇ ಯೋಚಿಸಿ.

4/7
"ಆದ್ರೂ ನಷ್ಟ 75,000 ತಾನೇ, ಸೇಫ್ ಅಲ್ವಾ?" ಸೇಫ್ ಬೇಕು ಅಂದ್ರೆ ಇನ್ನೊಂದು ದಾರಿ ಇದೆ: ಕಮ್ಮಿ ಕೊಳ್ಳಿ. 75,000 ಮಾತ್ರ ಕಳ್ಕೊಳ್ಳೋಕೆ ತಯಾರಿದ್ರೆ ಅದನ್ನ 4,000ದಿಂದ ಭಾಗಿಸಿ, 18.75 ಕ್ವಿಂಟಲ್. ಅಷ್ಟನ್ನ ಒಂದೇ ಸಲ 24,000ಕ್ಕೆ ಕೊಂಡ್ರೂ ರಿಸ್ಕ್ ಅಷ್ಟೇ.

ಈಗ ಹೋಲಿಸಿ. ಬೆಲೆ ನೇರ 28,000ಕ್ಕೆ ಏರಿದ್ರೆ ಇವನಿಗೆ 75,000, ನಿಮಗೆ 40,000. ಬೆಲೆ 22,500 ಮುಟ್ಟಿ ತಿರುಗಿದ್ರೆ ನಿಮ್ಮ ಹತ್ರ 20 ಕ್ವಿಂಟಲ್ ಇರುತ್ತೆ, ನಿಮಗೆ 95,000, ಇವನಿಗೆ ಅದೇ 75,000. 21,000 ಮುಟ್ಟಿ ತಿರುಗಿದ್ರೆ ನಿಮಗೆ 1,65,000. ಅಂದ್ರೆ ಮೂರು ಭಾಗ ಮಾಡೋದು ರಿಸ್ಕ್ ಕಮ್ಮಿ ಮಾಡೋ ಮಂತ್ರ ಅಲ್ಲ. "ಬೆಲೆ ಮೊದಲು ಇಳಿದು ಆಮೇಲೆ ಏರುತ್ತೆ" ಅನ್ನೋ ಪಂದ್ಯ ಅದು. ಆ ನಂಬಿಕೆಗೆ ಕಾರಣ ಇದ್ರೆ ಮಾಡಿ. ಭಯಕ್ಕೆ ಮಾಡೋದಾದ್ರೆ ಕಮ್ಮಿ ಕೊಳ್ಳಿ, ಮುಗೀತು.

5/7
ಈಗ ನಿಜವಾದ ಗುಂಡಿ. ಎಷ್ಟೋ ಜನ ಸ್ಟಾಪ್ ಲಾಸನ್ನ ಆವರೇಜಿನಿಂದ ಅಳೀತಾರೆ. "ನನ್ನ ಆವರೇಜ್‌ಗಿಂತ 4,000 ಇಳಿದ್ರೆ ಮಾರ್ತೀನಿ." ಆವರೇಜ್ 24,000 ಇದ್ದಾಗ ಅದು 20,000. ಮೂರನೇ ಭಾಗ ಕೊಂಡ ಮೇಲೆ ಆವರೇಜ್ 22,500 ಆಯ್ತು, ಸ್ಟಾಪ್ ಸದ್ದಿಲ್ಲದೆ 18,500ಕ್ಕೆ ಜಾರಿತು. ಅಲ್ಲಿ ಮಾರಿದ್ರೆ ನಷ್ಟ ಮತ್ತೆ 4,000 × 30. ಅದೇ 1,20,000! ಉಳಿಸಿದ್ದು ಸೊನ್ನೆ.

ನನ್ನ ಕಥೇನೂ ಕೇಳಿ. ಕಳೆದ ವರ್ಷ ಮನೆ ಕೊಬ್ಬರಿ ಮಾರಿದ ದುಡ್ಡಲ್ಲಿ ಅಮ್ಮ ನನ್ನ ಫೀಸಿಗೆ ಅಂತ ಕೊಟ್ಟಿದ್ದನ್ನ ಒಂದು ಷೇರಿಗೆ ಹಾಕಿದೆ. 120, 110, 100ಕ್ಕೆ 50 50 ಷೇರು, ಆವರೇಜ್ 110. 95ಕ್ಕೆ ಹೊರಗೆ ಬರಬೇಕಿತ್ತು, ನಷ್ಟ 2,250ಕ್ಕೆ ಮುಗೀತಿತ್ತು. ನಾನು ಮಾರಲಿಲ್ಲ. 90ಕ್ಕೆ "ನಾಲ್ಕನೇ ಮೂರನೇ ಭಾಗ" ಕೊಂಡೆ! ಆವರೇಜ್ 105 ಆಯ್ತು ಅಂತ ಖುಷಿಪಟ್ಟೆ. ಕೊನೆಗೆ 72ಕ್ಕೆ ಮಾರಿದೆ. ನಷ್ಟ 6,600. ಫೀಸ್ ಕಟ್ಟೋಕೆ ಅಮ್ಮನ ಮುಂದೆ ಮತ್ತೆ ಕೈ ಚಾಚಿದ್ದು ಯಾವ ಚಾರ್ಟಲ್ಲೂ ಕಾಣಲ್ಲ.

6/7
ಏರುವಾಗ ಸೇರಿಸೋದು ಇದಕ್ಕೆ ಉಲ್ಟಾ. 24,000ಕ್ಕೆ 10, 25,000ಕ್ಕೆ 10, 26,000ಕ್ಕೆ 10. ಆವರೇಜ್ 25,000, ದುಬಾರಿನೇ. ಆದ್ರೆ ಮೊದಲ ಅಂದಾಜೇ ತಪ್ಪಿದ್ರೆ ಹೋಗೋದು 10 ಕ್ವಿಂಟಲ್‌ನ 40,000 ಮಾತ್ರ, ಪೂರ್ತಿ ಮಾಲು ಸೇರೋದು ಬೆಲೆ ಏರಿ ತೋರಿಸಿದ ಮೇಲೆ. ಆದರೆ ಒಂದು ಷರತ್ತು: ಸ್ಟಾಪನ್ನೂ ಮೇಲೆ ತರಬೇಕು. 20,000ದಲ್ಲೇ ಬಿಟ್ರೆ ನಷ್ಟ 1,50,000, ಒಂದೇ ಸಲ ಕೊಂಡೋನಿಗಿಂತ ಜಾಸ್ತಿ. 23,500ಕ್ಕೆ ತಂದ್ರೆ 45,000.

ಕೊಬ್ಬರಿಯಲ್ಲಿ ಇನ್ನೊಂದು ತೊಡಕು. ಹರಾಜು ದಿನಾ ನಡೆಯಲ್ಲ. ಒಂದು ಹರಾಜಿಗೆ 20,800, ಮುಂದಿನದಕ್ಕೆ 19,200 ಆದ್ರೆ ನಿಮ್ಮ 20,000 ಮಧ್ಯದಲ್ಲಿ ಎಲ್ಲೂ ಸಿಗಲ್ಲ. ಹಾಗಾಗಿ 75,000 ಅನ್ನೋದು ಅಂದಾಜು. ಮೂರು ಭಾಗನೂ ಕೊಂಡು ಕೂತೋನಿಗೆ ಆ ಏಟು 30 ಕ್ವಿಂಟಲ್ ಮೇಲೂ ಬೀಳುತ್ತೆ.

7/7
ತುರುವೇಕೆರೆ ಕಡೆ ಸಣ್ಣದಾಗಿ ಕೊಬ್ಬರಿ ಹಿಡಿದು ಮಾರೋ ನಮ್ಮ ಸೋದರಮಾವನಿಗೆ ಈ ಲೆಕ್ಕ ಎಲ್ಲಾ ತೋರಿಸಿದೆ. ಅವರು ಕೇಳಿದ್ದು ಒಂದೇ: "ಆವರೇಜ್ ಇರಲಿ ಕಣೋ, ಗೋದಾಮು ತುಂಬಿದ ಮೇಲೂ ಬೆಲೆ ಬಿದ್ರೆ ಏನು ಮಾಡ್ತೀಯ, ಅದನ್ನ ಮೊದ್ಲು ಹೇಳು."

ಅದಕ್ಕೇ ಹೇಳ್ತಿದ್ದೀನಿ. ಮೊದಲ ಭಾಗ ಕೊಳ್ಳೋ ಮುಂಚೆ ಒಂದು ಚೀಟಿ ಬರೀರಿ: ಮೂರು ಬೆಲೆ, ಮೂರು ಪ್ರಮಾಣ, ಹೊರಗೆ ಬರೋ ಒಂದು ಬೆಲೆ, ಆಗ ಹೋಗೋ ಒಟ್ಟು ರೂಪಾಯಿ. ಆ ಹೊರಗಿನ ಬೆಲೆ ಮಾರುಕಟ್ಟೆಗೆ ಸೇರಿದ್ದು, ನಿಮ್ಮ ಆವರೇಜ್‌ಗಲ್ಲ. ಚೀಟಿ ಬರೆಯೋಕೆ ಆಗಲ್ವಾ? ಹಂಗಾದ್ರೆ ಕಮ್ಮಿ ತಗೊಂಡು ಒಂದೇ ಸಲ ಎಂಟ್ರಿ ಆಗಿ. ಚೀಟಿ ಇಲ್ಲದೆ ಮಾಡೋ ಮೂರು ಭಾಗಕ್ಕೆ ನಾಲ್ಕನೇದು ಇದ್ದೇ ಇರುತ್ತೆ, ನಾನೇ ಕೊಂಡಿದ್ದೀನಿ.

ಒಪ್ಪಲ್ಲ ಅನ್ನೋರು ಕಾಮೆಂಟಲ್ಲಿ ಬೈಯಿರಿ, ಆದ್ರೆ ನಿಮ್ಮ ಲೆಕ್ಕ ಹಾಕಿ ಬೈಯಿರಿ.

#ತಿಪಟೂರು #ಕೊಬ್ಬರಿ #ಬಿಕಾಂಹುಡುಗ್ರು #ಆವರೇಜ್