ಪ್ರೂಫ್ ನೋಡುವಾಗ ಮೊಬೈಲ್ ಜೇಬಿನಲ್ಲಿರಲಿ

ನಮ್ಮೂರ ಶಾಲೆಯ ಸ್ಮರಣ ಸಂಚಿಕೆಯ ಮುಖಪುಟದ ಪ್ರೂಫ್ ಬಂದ ದಿನ ಪ್ರೆಸ್ಸಿನಲ್ಲಿ ಗಲಾಟೆಯೇ ಆಯಿತು. ವಾಟ್ಸಾಪಿನಲ್ಲಿ ಎಲ್ಲರೂ ಮೆಚ್ಚಿದ್ದ ಚಿತ್ರ ಅದು. ಹಿಂದೆ ನೀಲಿ ಆಕಾಶ, ಭತ್ತದ ಗದ್ದೆ, ಮುಂದೆ ನಮ್ಮ ಹಳೇ ಹೆಡ್‌ಮೇಷ್ಟ್ರು. ಕಾಗದದಲ್ಲಿ ಆಕಾಶ ನೇರಳೆಗೆ ತಿರುಗಿತ್ತು, ಗದ್ದೆ ಮಂಕಾಗಿತ್ತು, ಮೇಷ್ಟ್ರ ಕೆನ್ನೆ ಕೆಂಪಾಗಿತ್ತು. ಕಮಿಟಿಯವರು ಪ್ರೂಫ್ ಪಕ್ಕ ಮೊಬೈಲ್ ಹಿಡಿದು, "ಇದರಲ್ಲಿ ಇದ್ದ ಹಾಗೇ ಬರಬೇಕು" ಅಂತ ಪಟ್ಟು ಹಿಡಿದರು.

ಹಾಗೆ ಬರುವುದಿಲ್ಲ. ಮೊಬೈಲ್ ತಾನೇ ಬೆಳಕು ಚೆಲ್ಲುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕಷ್ಟನ್ನೇ ಹಿಂದಿರುಗಿಸುತ್ತದೆ. ಅಚ್ಚಿಗೆ ಇರುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿ. ಮೊಬೈಲಿನ ಆ ಹೊಳೆಯುವ ಹಸಿರು ಇವುಗಳಲ್ಲಿ ಹುಟ್ಟುವುದೇ ಇಲ್ಲ. ಹಟ ಮಾಡಿ ಶಾಯಿ ಹೆಚ್ಚಿಸಿದರೆ ಒಣಗದೆ, ಮೇಲೆ ಬೀಳುವ ಹಾಳೆಯ ಬೆನ್ನಿಗೆ ಕಲೆ ಹತ್ತುತ್ತದೆ. ಹಾಗಾಗಿ ಗದ್ದೆಯನ್ನು ಮುಟ್ಟುವುದು ಬೇಡ ಎಂದೆ. ಓದುಗರ ಕೈಯಲ್ಲಿ ಹೋಲಿಸಲು ಆ ಮೊಬೈಲ್ ಚಿತ್ರ ಇರುವುದಿಲ್ಲವಲ್ಲ!

ಪ್ರೂಫನ್ನು ಟ್ಯೂಬ್‌ಲೈಟಿನ ಕೆಳಗಿಂದ ಬಾಗಿಲಾಚೆಯ ನೆರಳಿಗೆ ತಂದೆವು. ಬಣ್ಣ ತೀರ್ಮಾನಿಸಬೇಕಾದದ್ದು ಹಗಲು ಬೆಳಕಿನಲ್ಲಿ, ಆದರೆ ನೇರ ಬಿಸಿಲಿನಲ್ಲಲ್ಲ. ಅಲ್ಲಿ ಕೆನ್ನೆಯ ಕೆಂಪು ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಫೈಲ್ ತೆಗೆಸಿ ನೋಡಿದರೆ ಮುಖದಲ್ಲಿ ಹಳದಿಗಿಂತ ಮಜೆಂಟಾ ಜಾಸ್ತಿ ಇತ್ತು. ನಮ್ಮ ಮೈಬಣ್ಣಕ್ಕೆ ಹಳದಿ ಸ್ವಲ್ಪ ಮೇಲಿದ್ದರೇ ಚೆಂದ. ಮುಖವನ್ನಷ್ಟೇ ಆಯ್ದು ಮಜೆಂಟಾ ಇಳಿಸಿದರು. ಇದನ್ನು ಬಿಡುವ ಹಾಗಿರಲಿಲ್ಲ, ಮೇಷ್ಟ್ರನ್ನು ಊರೆಲ್ಲ ಬಲ್ಲದು. ಆಕಾಶದ್ದೂ ಅದೇ ಕಥೆ: ಸಯಾನ್ 90, ಮಜೆಂಟಾ 75. ಇವೆರಡೂ ಹತ್ತಿರ ಬಂದರೆ ನೀಲಿ ನೇರಳೆಯಾಗುತ್ತದೆ. ಮಜೆಂಟಾ 50ಕ್ಕೆ ತಂದರು, ಐದು ನಿಮಿಷದ ಕೆಲಸ. ಪ್ಲೇಟ್ ಮಾಡಿದ ಮೇಲೆ ಹೇಳಿದ್ದರೆ ಹೊಸ ಪ್ಲೇಟಿನ ದುಡ್ಡು ನಮ್ಮ ತಲೆಗೇ ಬರುತ್ತಿತ್ತು.

ನನ್ನ ಪ್ರಕಾರ ನಿಜವಾಗಿ ಜಗಳ ಆಡಬೇಕಾಗಿದ್ದ ತಪ್ಪನ್ನು ಯಾರೂ ನೋಡಿರಲಿಲ್ಲ. ಹಿಂಬದಿ ಪುಟದಲ್ಲಿ ದಾನಿಗಳ ಹೆಸರು ಸಣ್ಣ ಅಕ್ಷರದಲ್ಲಿತ್ತು. ಆ ಕಪ್ಪನ್ನು ನಾಲ್ಕೂ ಶಾಯಿ ಬೆರೆಸಿ ಮಾಡಿದ್ದರು. ಡಿಜಿಟಲ್ ಪ್ರೂಫಿನಲ್ಲಿ ಅದು ಸ್ವಚ್ಛವಾಗಿಯೇ ಕಂಡಿತು. ಆಫ್‌ಸೆಟ್ ಮಿಷಿನ್ನಿನಲ್ಲಿ ಒಂದು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ಸಂದು ಮುಚ್ಚಿಹೋಗುತ್ತದೆ. ಡಿಟಿಪಿ ಹುಡುಗನಿಗೆ ಕಪ್ಪು ಪ್ಲೇಟನ್ನು ಆಫ್ ಮಾಡಿ ತೋರಿಸು ಎಂದೆ. ಹೆಸರುಗಳು ಮಾಯವಾಗಬೇಕಿತ್ತು, ಅಲ್ಲೇ ನಿಂತಿದ್ದವು. ಕಪ್ಪು 100, ಉಳಿದದ್ದು ಸೊನ್ನೆ ಮಾಡಿಸಿ ಸಹಿ ಹಾಕಿದೆವು.

ಗದ್ದೆ ಮಂಕಾಗಿಯೇ ಅಚ್ಚಾಯಿತು. ಅಧ್ಯಕ್ಷರು ಇವತ್ತಿಗೂ ಅದನ್ನೇ ಹೇಳುತ್ತಾರೆ. ದಾನಿಗಳ ಹೆಸರಿನ ಬಗ್ಗೆ ಮಾತ್ರ ಒಂದೂ ತಕರಾರು ಬಂದಿಲ್ಲ.